ಗಿರ್ಮಿಟ್‌ನಲ್ಲಿ ಬಂದವರು

ನಮ್ಮ ಹುಬ್ಬಳ್ಳಿ ಕಡೆಯವರಿಗೆ ಗಿರ್ಮಿಟ್ ಅಂದರೆ ಸಂಜೆ ಹೊತ್ತಿನ ಚುರುಮುರಿ. ಮೇಲೆ ಈರುಳ್ಳಿ, ಸೇವು, ಪಕ್ಕದಲ್ಲೊಂದು ಮಿರ್ಚಿ. ಹಾಗಾಗಿ ಆಕ್ಲೆಂಡಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಆಂಟಿ "ನಮ್ಮಜ್ಜ ಗಿರ್ಮಿಟ್‌ನಲ್ಲಿ ಬಂದವರು" ಅಂದಾಗ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಅವರು ಫಿಜಿಯವರು. ಅವರ ಗಿರ್ಮಿಟ್ ಬೇರೆ. 'ಅಗ್ರಿಮೆಂಟು' ಅನ್ನೋ ಇಂಗ್ಲಿಷ್ ಮಾತು ಕೂಲಿಗಳ ಬಾಯಲ್ಲಿ ಸವೆದು ಗಿರ್ಮಿಟ್ ಆಯಿತು. ಅದಕ್ಕೆ ಹೆಬ್ಬೆಟ್ಟು ಒತ್ತಿ ಹೋದವರು ಗಿರ್ಮಿಟಿಯಾಗಳು.

ಕತೆ ಶುರುವಾಗುವುದು ಸಕ್ಕರೆಯಿಂದ. ಬ್ರಿಟಿಷರು 1833ರಲ್ಲಿ ಗುಲಾಮಗಿರಿ ನಿಲ್ಲಿಸುವ ಕಾಯ್ದೆ ತಂದರು. ಗುಲಾಮರನ್ನು ಕಳೆದುಕೊಂಡ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಸಿಕ್ಕಿತು, ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ. ಆದರೆ ಕಬ್ಬು ಕಡಿಯೋರು ಬೇಕಲ್ಲ? 1834ರ ನವೆಂಬರ್ 2ರಂದು 'ಅಟ್ಲಾಸ್' ಅನ್ನೋ ಹಡಗು ಕಲ್ಕತ್ತೆಯಿಂದ 36 ಮಂದಿಯನ್ನು ಮಾರಿಷಸ್‌ಗೆ ತಂದು ಇಳಿಸಿತು. ಆಮೇಲೆ ಈ ದಾರಿ ನಿಲ್ಲಲೇ ಇಲ್ಲ. 1838ರಲ್ಲಿ ಗಯಾನ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್, 1873ರಲ್ಲಿ ಡಚ್ಚರ ಸುರಿನಾಮ್, 1879ರಲ್ಲಿ ಫಿಜಿ. ಈ ಪದ್ಧತಿ ಮುಗಿಯುವಷ್ಟರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹೋಗಿದ್ದರು.

ಹೋದರು ಅನ್ನೋದಕ್ಕಿಂತ ಕರೆದೊಯ್ದರು ಅನ್ನೋದೇ ಸರಿಯೇನೋ. ಬರ, ಸಾಲ, ಮನೆ ಜಗಳ, ಗಂಡ ಸತ್ತ ಮೇಲೆ ಎಲ್ಲಿಗೆ ಹೋಗೋದು ಅನ್ನೋ ಚಿಂತೆ ಎಲ್ಲ ಇತ್ತು. ಅಂಥವರನ್ನು ಸಂತೆಯಲ್ಲಿ, ಜಾತ್ರೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಹುಡುಕಿ ಹಿಡಿಯೋಕೆ 'ಅರ್ಕಾಟಿ'ಗಳು ಇದ್ದರು. ತಲೆಗಿಷ್ಟು ಅಂತ ಅವರಿಗೆ ಕಮಿಷನ್. ಫಿಜಿ ಅಂದರೆ ಕಲ್ಕತ್ತೆಯ ಆಚೆ ಇದೆ, ಇಲ್ಲೇ ಪಕ್ಕದಲ್ಲಿ ಅಂತ ನಂಬಿಸಿದ್ದೂ ಉಂಟು. ಹಾಗಂತ ಎಲ್ಲರೂ ಮೋಸ ಹೋದವರೇ ಅಂತ ನಾನು ಹೇಳಲಾರೆ. ಊರು ಬಿಟ್ಟರೆ ಸಾಕು ಅಂತ ತಿಳಿದೇ ಹೊರಟವರೂ ಇದ್ದರು.

ಆಂಟಿ ಒಮ್ಮೆ ಒಂದು ಕಾಗದ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದರು. ಅವರ ಅಜ್ಜನ ಎಮಿಗ್ರೇಷನ್ ಪಾಸ್. ಮೂಲ ಪ್ರತಿ ಫಿಜಿಯ ರಾಜಧಾನಿ ಸುವಾದ ಪತ್ರಾಗಾರದಲ್ಲಿದೆ, ಇದು ಅದರ ಜೆರಾಕ್ಸು. ಮದ್ರಾಸ್ ಬಂದರು, 1908. ಹಡಗಿನ ಹೆಸರು, ನಂಬರು. ಹೆಸರು, ಅಪ್ಪನ ಹೆಸರು, ವಯಸ್ಸು 20, ಜಾತಿ, ಜಿಲ್ಲೆ ಉತ್ತರ ಆರ್ಕಾಟ್, ತಾಲ್ಲೂಕು, ಹಳ್ಳಿ. ಎತ್ತರ ಐದಡಿ ಮೂರಂಗುಲ. ಕೊನೆಗೆ 'ಮೈಮೇಲಿನ ಗುರುತು': ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಸುಳಿ, ಮಚ್ಚೆ ನೋಡಿ ಬರೆದಿಟ್ಟ ಹಾಗೆ. ಆಂಟಿ ಆ ಸಾಲಿನ ಮೇಲೆ ಬೆರಳಿಟ್ಟು, "ಈ ಕಲೆ ನಾನು ನೋಡಿದೀನಿ. ಚಿಕ್ಕವಳಿದ್ದಾಗ ಅಜ್ಜನ ಕಾಲು ಒತ್ತೋಳು ನಾನೇ" ಅಂದರು.

ಕರಾರು ಐದು ವರ್ಷದ್ದು. ಹತ್ತು ವರ್ಷ ಇದ್ದರೆ ವಾಪಸ್ ಹೋಗೋಕೆ ಸರ್ಕಾರದ ಖರ್ಚು. ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ನಿ. ಕಾಗದದ ಮೇಲೆ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಆ ಕೂಲಿ ದಿನಕ್ಕಲ್ಲ, ಒಪ್ಪಿಸಿದ ಕೆಲಸಕ್ಕೆ. ಅಳತೆ ಹಾಕಿ ಕೊಟ್ಟಷ್ಟು ಗದ್ದೆ ಸಂಜೆಯೊಳಗೆ ಮುಗಿಯಲಿಲ್ಲ ಅಂದರೆ ದುಡ್ಡಿಲ್ಲ. ಕೆಲಸಕ್ಕೆ ಹೋಗದಿದ್ದರೆ ಅದು ರಜೆಯಲ್ಲ, ಅಪರಾಧ. ಕೋರ್ಟಿಗೆ ಎಳೆದು ದಂಡ ಹಾಕುತ್ತಿದ್ದರು, ಜೈಲಿಗೂ ಕಳಿಸುತ್ತಿದ್ದರು. ಇರೋಕೆ 'ಲೈನು': ಹತ್ತಡಿ ಉದ್ದ, ಏಳಡಿ ಅಗಲದ ಕೋಣೆ. ಅದರಲ್ಲಿ ಮೂವರು ಗಂಡಸರು, ಇಲ್ಲವೇ ಒಂದು ಸಂಸಾರ. ಅದೇ ಕೋಣೆಯಲ್ಲಿ ಒಲೆ, ಸೌದೆ, ಗುದ್ದಲಿ. ಅದಕ್ಕೆ ಅವರಿಟ್ಟ ಹೆಸರು ನರಕ.

ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಬೇಕು ಅನ್ನೋದು ಸರ್ಕಾರದ ಲೆಕ್ಕ. ಈ ಲೆಕ್ಕ ಹೆಂಗಸರ ಬದುಕನ್ನು ಏನು ಮಾಡಿರಬೇಕು ಊಹಿಸಿ. 1913ರಲ್ಲಿ ಫಿಜಿಯಲ್ಲಿ ಕುಂತಿ ಅನ್ನೋ ಹೆಣ್ಣುಮಗಳು ಓವರ್‌ಸಿಯರ್‌ನಿಂದ ತಪ್ಪಿಸಿಕೊಳ್ಳೋಕೆ ನದಿಗೆ ಹಾರಿದಳು, ಬದುಕಿದಳು. ಆ ಸುದ್ದಿ ಭಾರತದ ಪತ್ರಿಕೆಗಳಿಗೆ ಬಂತು, ಜನ ರೊಚ್ಚಿಗೆದ್ದರು. ಗೋಖಲೆ ಆಗಲೇ ಶಾಸನಸಭೆಯಲ್ಲಿ ದನಿ ಎತ್ತಿದ್ದರು. 1916ರಲ್ಲಿ ಮಾಳವೀಯರ ಗೊತ್ತುವಳಿಯನ್ನು ವೈಸರಾಯ್ ಹಾರ್ಡಿಂಜ್ ಒಪ್ಪಿದರು. ಫಿಜಿಯಲ್ಲಿ ಉಳಿದಿದ್ದ ಕರಾರುಗಳೆಲ್ಲ 1920ರ ಜನವರಿ 1ಕ್ಕೆ ರದ್ದಾದವು.

ನನ್ನ ಕುತೂಹಲ ಅಲ್ಲಿಂದ ಮುಂದಿನದು. ಫಿಜಿಗೆ ಹೋದ 60,000ಕ್ಕೂ ಹೆಚ್ಚು ಜನರಲ್ಲಿ ಮುಕ್ಕಾಲು ಪಾಲು ಕಲ್ಕತ್ತೆಯಿಂದ, ಕಾಲು ಪಾಲು ಮದ್ರಾಸಿನಿಂದ ಹಡಗು ಹತ್ತಿದವರು. ಭೋಜ್‌ಪುರಿ, ಅವಧಿ, ತಮಿಳು, ತೆಲುಗು, ಮಲಯಾಳ, ಎಲ್ಲ ಒಂದೇ ಸಾಲಿನ ಕೋಣೆಗಳಲ್ಲಿ. ಹಡಗಲ್ಲಿ ಎಲ್ಲರಿಗೂ ಒಂದೇ ಹಂಡೆಯ ಅನ್ನ. ಪಂಕ್ತಿಭೇದ ಅಲ್ಲೇ ಮುರಿದುಬಿತ್ತು. ಒಂದೇ ಹಡಗಲ್ಲಿ ಬಂದವರು 'ಜಹಾಜಿ ಭಾಯಿ'ಗಳಾದರು. ಒಡಹುಟ್ಟಿದವರಷ್ಟೇ ಹತ್ತಿರದ ನಂಟು ಅದು. ಲೈನಿನಲ್ಲಿ ಎಲ್ಲರಿಗೂ ಬೇಕಾಗಿ ಒಂದು ಹೊಸ ಹಿಂದಿ ಹುಟ್ಟಿತು. ಆಂಟಿಯದು ತಮಿಳು ಮನೆತನ, ಆದರೆ ಅವರ ಮನೆಮಾತು ಆ ಫಿಜಿ ಹಿಂದಿಯೇ. ಅದರಲ್ಲಿ ಓವರ್‌ಸಿಯರ್‌ಗೆ 'ಕುಲಂಬರ್' ಅನ್ನುತ್ತಾರೆ. ಬೆಳಗ್ಗೆ 'ಕಾಲ್ ನಂಬರ್' ಅಂತ ಕೂಗಿ ಹಾಜರಿ ತಗೋತಿದ್ದವನು ಅವನೇ ತಾನೇ!

ಭಾಷೆ ಹೋದರೂ ಮಾರಿಯಮ್ಮ ಉಳಿದಳು. ಸುವಾದಲ್ಲಿ ಇವತ್ತಿಗೂ ಅವಳ ಗುಡಿ ಮುಂದೆ ನಮ್ಮ ಹಾಗೇ ಕೊಂಡ ಹಾಯುತ್ತಾರೆ. 1926ರಲ್ಲಿ ದಕ್ಷಿಣದವರು ತಮ್ಮದೇ ಸಂಗಮ್ ಅನ್ನೋ ಸಂಘ ಕಟ್ಟಿಕೊಂಡು ಶಾಲೆಗಳನ್ನೂ ತೆರೆದರು. ಬೇರೆ ಕಡೆಯೂ ಹೀಗೇ, ಬೇರೆ ಬೇರೆ ರುಚಿಯಲ್ಲಿ. ಟ್ರಿನಿಡಾಡಿನ ಬೀದಿ ತಿಂಡಿ 'ಡಬಲ್ಸ್' ಅಂದರೆ ಬಾರಾ ಅನ್ನೋ ಎರಡು ಕರಿದ ರೊಟ್ಟಿ, ನಡುವೆ ಕಡಲೆ. ಮಾರಿಷಸ್‌ನಲ್ಲಿ ಕೂಲಿಗಳು ಹತ್ತಿದ ಹದಿನಾರು ಕಲ್ಲಿನ ಮೆಟ್ಟಿಲುಗಳಿರುವ ಆಪ್ರವಾಸಿ ಘಾಟ್ ಈಗ ವಿಶ್ವ ಪರಂಪರೆಯ ತಾಣ. ನಮಗೆ ಕೂಲಿ ಅಂದರೆ ದುಡಿದಿದ್ದಕ್ಕೆ ಸಿಗುವ ದುಡ್ಡು, ಅಷ್ಟೇ. ಆ ದೇಶಗಳಲ್ಲಿ ಅದು ಬೈಗುಳ. ಅಲ್ಲಿ ಸುಮ್ನೆ ಬಾಯಿಗೆ ಬಂತು ಅಂತ ಆಡುವ ಮಾತಲ್ಲ.

ಬೇರು ಬಿಟ್ಟರೂ ನೆಲ ಸಿಗಲಿಲ್ಲ. ಫಿಜಿಯ ಹೆಚ್ಚುಕಡಿಮೆ ಎಂಟರಲ್ಲಿ ಏಳು ಪಾಲು ಭೂಮಿ ಮೂಲನಿವಾಸಿಗಳ ಕುಲಗಳದ್ದು, ಮಾರುವಂತಿಲ್ಲ. ಅದು ಅವರ ಹಕ್ಕು ಕೂಡ, ತಪ್ಪು ಅನ್ನೋಕಾಗಲ್ಲ. ಆದರೆ ಮೂರು ತಲೆಮಾರು ಕಬ್ಬು ಬೆಳೆದವರು ಗೇಣಿದಾರರಾಗಿಯೇ ಉಳಿದರು. 1987ರಲ್ಲಿ ಭಾರತೀಯ ಮೂಲದವರ ಬೆಂಬಲದ ಸರ್ಕಾರದ ವಿರುದ್ಧ ಕರ್ನಲ್ ರಬುಕಾ ಸೇನಾಕ್ರಾಂತಿ ಮಾಡಿದ. 2000ದಲ್ಲಿ ಮೊದಲ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿಯನ್ನು ಒತ್ತೆಯಿಟ್ಟು ಕೆಳಗಿಳಿಸಿದರು. ಇತ್ತ ಮೂವತ್ತು ವರ್ಷದ ಗೇಣಿ ಕರಾರುಗಳು 1997ರಿಂದ ಮುಗಿಯತೊಡಗಿದವು. ಜನ ಮತ್ತೆ ಗಂಟು ಕಟ್ಟಿದರು. ಆಕ್ಲೆಂಡ್, ಸಿಡ್ನಿ, ವ್ಯಾಂಕೂವರ್. ಆಂಟಿ ಬಂದಿದ್ದೂ ಹಾಗೇ, ಗೇಣಿ ಮುಗಿದ ವರ್ಷ. 2023ರ ಮೇ 14ರಂದು, ಮೊದಲ ಗಿರ್ಮಿಟಿಯಾಗಳನ್ನು ಹೊತ್ತ 'ಲಿಯೊನಿಡಾಸ್' ಹಡಗು ಫಿಜಿ ಮುಟ್ಟಿದ ದಿನವೇ, ಆಗ ಪ್ರಧಾನಿಯಾಗಿದ್ದ ಅದೇ ರಬುಕಾ ಕ್ಷಮೆ ಕೇಳಿದರು. ಆಂಟಿ ಟಿವಿಯಲ್ಲಿ ನೋಡಿದರು. ಏನೂ ಅನ್ನಲಿಲ್ಲ, ಚಹಾ ಇಡೋಕೆ ಎದ್ದು ಹೋದರು.

ಅವತ್ತು ಆ ಪಾಸ್ ತೋರಿಸಿದ್ದು ನನ್ನಿಂದ ಒಂದು ಕೆಲಸ ಆಗಬೇಕಿತ್ತು ಅಂತ. "ಬೇಟಾ, ನೀನು ಸೌತ್‌ನವನು ಅಲ್ವಾ, ಈ ಊರು ಎಲ್ಲಿದೆ ನೋಡು." ಇಂಗ್ಲಿಷಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ ಹೆಸರು. ಅಕ್ಷರ ಅತ್ತಿತ್ತ ಮಾಡಿ ಫೋನಿನ ಮ್ಯಾಪಿನಲ್ಲಿ ಹುಡುಕಿದೆ. ಒಂದಲ್ಲ, ಮೂರು ಹಳ್ಳಿ ಸಿಕ್ಕವು.

"ಅಜ್ಜ ಹೇಳೋರು, ಮನೆ ಹಿಂದೆ ಕೆರೆ ಇತ್ತು ಅಂತ. ಕೆರೆ ಇರೋದು ಯಾವುದು?"

ಮ್ಯಾಪನ್ನು ದೊಡ್ಡದು ಮಾಡಿ ನೋಡಿದೆ. ಮೂರಕ್ಕೂ ಇತ್ತು.