ಅಪ್ಪನ ಹೊಟ್ಟೆಯ ವಿಚಾರ: ತಮ್ಮನಿಗೊಂದು ಪತ್ರ

ಡಬ್ಲಿನ್
ಮಾರ್ಚ್ 8

ಪ್ರೀತಿಯ ಮಲ್ಲು,

ಹೋದ ರವಿವಾರ ವಿಡಿಯೋ ಕಾಲ್‌ನಲ್ಲಿ ಅಪ್ಪ ಕುರ್ಚಿಯ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತಿದ್ದರು. ಕೇಳಿದರೆ "ಏನಿಲ್ಲವ್ವಾ, ಆರಾಮದೀನಿ" ಅಂದರು. ಐದು ದಿನದಿಂದ ಸಂಡಾಸ ಆಗಿಲ್ಲ ಅಂತ ಆಮೇಲೆ ನೀನು ಹೇಳಿದಾಗಲೇ ಗೊತ್ತಾಗಿದ್ದು. ಅವರು ತಾವಾಗಿ ಹೇಳುವುದಿಲ್ಲ ಮಲ್ಲು. ನಾವೇ ಕೇಳಬೇಕು.

ಅದಕ್ಕೇ ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕು. ಆದರೆ ಸರಿ ಗುರುತು, ಆಗದಿದ್ದರೆ ಸೊನ್ನೆ, ಗಟ್ಟಿಯಾಗಿದ್ದರೆ "ಗ". ಪ್ರತಿ ರವಿವಾರ ಅದರ ಫೋಟೋ ನನಗೆ ಕಳಿಸು.

ಬೆಳಿಗ್ಗೆ ಎದ್ದ ಕೂಡಲೇ ಒಂದು ತಂಬಿಗೆ ಬೆಚ್ಚಗಿನ ನೀರು. ನಾಷ್ಟಾ ಆಗಿ ಕಾಲು ಗಂಟೆಗೆ, ಬಂದರೂ ಬರದಿದ್ದರೂ, ಹತ್ತು ನಿಮಿಷ ಕೂರಿಸು. ಉಂಡ ಮೇಲೆ ಕರುಳು ತಾನೇ ಚಲಿಸುತ್ತದೆ, ಆ ಹೊತ್ತು ತಪ್ಪಿಸಬೇಡ. ಕಮೋಡಿನ ಮುಂದೆ ಒಂದು ಗೇಣು ಎತ್ತರದ ಮಣೆ ಇಡು. ಅದರ ಮೇಲೆ ಕಾಲಿಟ್ಟು ಕೂತರೆ ಮುಕ್ಕರಿಸುವ ಕಷ್ಟ ಕಡಿಮೆ. ಮೊಣಕಾಲು ನೋವಿನವರು, ಏಳುವಾಗ ಹಿಡಿಯಲು ಗೋಡೆಗೊಂದು ಹಿಡಿಕೆ ಹಾಕಿಸು.

ರಾತ್ರಿ ಏಳಬೇಕಾಗುತ್ತದೆ ಅಂತ ಅಪ್ಪ ನೀರೇ ಕುಡಿಯುವುದಿಲ್ಲ. ಕಲಬುರಗಿ ಬಿಸಿಲು ಏರುತ್ತಿದೆ, ಹೀಗಾದರೆ ಹೇಗೆ? ಕಿಡ್ನಿ, ಹಾರ್ಟ್ ಚೆನ್ನಾಗಿವೆ, ನೀರಿಗೆ ಅಡ್ಡಿಯಿಲ್ಲ ಅಂತ ಡಾಕ್ಟರ್ ಹೇಳಿದ್ದಾರಲ್ಲ. ಸಂಜೆ ಆರರೊಳಗೆ ಆರೇಳು ಗ್ಲಾಸ್ ಮುಗಿಸಿಬಿಡು, ಮಧ್ಯಾಹ್ನದ ಮಜ್ಜಿಗೆಯೂ ಸೇರಿ.

ಖಡಕ್ ರೊಟ್ಟಿ ಅವರ ಹಲ್ಲಿನ ಸೆಟ್‌ಗೆ ಆಗುವುದಿಲ್ಲ. ಅಗಿಯದೆ ನುಂಗುತ್ತಾರೆ. ಬಿಸಿ ಜೋಳದ ರೊಟ್ಟಿಯನ್ನು ಪಲ್ಯದ ರಸದಲ್ಲಿ ನೆನೆಸಿ ಕೊಡು. ಸೋಮವಾರ, ಗುರುವಾರ ಪುಂಡಿಪಲ್ಯ ಅಥವಾ ಮೆಂತ್ಯ ಸೊಪ್ಪು. ರಾತ್ರಿ ತೊಗರಿಬೇಳೆಯಿಂದ ಗ್ಯಾಸ್ ಆಗುತ್ತದಂತೆ, ಹೆಸರುಬೇಳೆ ಖಿಚಡಿ ಸಾಕು. ದಿನಾ ಒಂದು ಪಪ್ಪಾಯಿ ಹೋಳು. ಸೊಪ್ಪು, ಹಣ್ಣು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬುತ್ತದೆ, ನಿಧಾನಕ್ಕೆ ಹೆಚ್ಚಿಸು. ಮಿರ್ಚಿ ಭಜಿ ರವಿವಾರ ಒಂದೇ ಒಂದು, ಪೂರ್ತಿ ಬಿಡಿಸಬೇಡ, ಬೇಜಾರಾಗುತ್ತಾರೆ.

ಡಾಕ್ಟರ್ ಹೇಳಿದ ಇಸಬ್ಗೋಲ್ ಸಂಜೆ ಐದಕ್ಕೆ ಒಂದು ಚಮಚ. ತುಂಬಿದ ಗ್ಲಾಸ್ ನೀರಿನಲ್ಲಿ ಕಲಸಿದ ಕೂಡಲೇ ಕುಡಿಸು, ಮೇಲೆ ಇನ್ನೊಂದು ಗ್ಲಾಸ್ ನೀರು. ನೀರು ಕಡಿಮೆಯಾದರೆ ಅದು ಒಳಗೇ ಗಟ್ಟಿಯಾಗಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ರವಿವಾರಕ್ಕೊಮ್ಮೆ ಔಡಲೆಣ್ಣೆ ಕುಡಿಯುವ ಅವರ ಹಳೇ ರೂಢಿ ಮಾತ್ರ ನಿಲ್ಲಿಸು. ಈ ವಯಸ್ಸಿಗೆ ಬೇಧಿಯಾಗಿ ನಿತ್ರಾಣವಾದರೆ ಬಿದ್ದುಬಿಡುತ್ತಾರೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದೆ, ಅದನ್ನು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳು. ನೀನೇ ಬಿಡಿಸಬೇಡ.

ಮೂರು ಸೊನ್ನೆ ಸಾಲಾಗಿ ಬಂದರೆ ಡಾಕ್ಟರಿಗೆ ಫೋನ್ ಮಾಡು. ರಕ್ತ, ಡಾಂಬರಿನಂಥ ಕಪ್ಪು ಮಲ, ವಾಂತಿ, ಹೊಟ್ಟೆ ಬಿಗಿದು ಗಾಳಿಯೂ ಹೋಗದಿರುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು. ಆಮೇಲೆ ನನಗೆ ಹೇಳಿದರೆ ಸಾಕು.

ದೂರ ಕೂತು ಬರೆಯುವುದು ಸುಲಭ, ಮಾಡುವವರು ನೀನು ಮತ್ತು ಸುಜಾತಾ. ಅದು ನನಗೆ ಗೊತ್ತು. ಹಿಡಿಕೆಯ ದುಡ್ಡು ನಿನ್ನೆ ಹಾಕಿದ್ದೇನೆ. ಈ ವಾರವೇ ಕೂರಿಸಿಬಿಡು.

ನಿನ್ನ ಅಕ್ಕ,
ಶೈಲಜಾ