ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಕತ್ತರಿಸಿದ ಹಣ್ಣಿನ ಡಬ್ಬಿ

ನಮಸ್ಕಾರ ಸರ್,

ಜಯನಗರದಲ್ಲಿ ನಮ್ಮ ಹಣ್ಣು ಕತ್ತರಿಸುವ ಅಡುಗೆಮನೆ ಇದೆ. ಬನ್ನೇರುಘಟ್ಟ ರಸ್ತೆಯ ನಿಮ್ಮ ಆಫೀಸಿಗೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8:30ರೊಳಗೆ ಹಣ್ಣಿನ ಡಬ್ಬಿ ತಲುಪಿಸುತ್ತೇವೆ.

ಒಂದು ಡಬ್ಬಿಯಲ್ಲಿ ಸಿಪ್ಪೆ, ಬೀಜ ತೆಗೆದ 250 ಗ್ರಾಂ ಹಣ್ಣು: ಪಪ್ಪಾಯಿ 100, ಅನಾನಸ್ 60, ಸೀಬೆ 60, ದಾಳಿಂಬೆ ಕಾಳು 30. ಬೆಲೆ 55 ರೂಪಾಯಿ, ಸಾಗಣೆ ಸೇರಿ. ಕಲ್ಲಂಗಡಿ ಬೇಕೆಂದರೆ ಬೇರೆ ಡಬ್ಬಿಯಲ್ಲೇ ಕೊಡುತ್ತೇವೆ. ಅದು ನೀರು ಬಿಟ್ಟರೆ ಪಕ್ಕದ ಪಪ್ಪಾಯಿ ಮೆತ್ತಗಾಗಿ ರುಚಿ ಕೆಡುತ್ತದೆ. ಕತ್ತರಿಸಿದ ಸೇಬು, ಬಾಳೆಹಣ್ಣು ಬೇಗ ಕಪ್ಪಾಗುವುದರಿಂದ ಅವನ್ನು ಹಾಕುವುದಿಲ್ಲ. ಉಪ್ಪು ಹಾಕಿದರೂ ಹಣ್ಣು ನೀರು ಬಿಡುತ್ತದೆ, ಹಾಗಾಗಿ ಚಾಟ್ ಮಸಾಲ ಪುಟ್ಟ ಪೊಟ್ಟಣದಲ್ಲಿ ಪ್ರತ್ಯೇಕ.

ಹಣ್ಣನ್ನು ಇಡಿಯಾಗಿಯೇ ತೊಳೆದು, ಒರೆಸಿ, ಬೆಳಿಗ್ಗೆ 5ರ ನಂತರವಷ್ಟೇ ಕತ್ತರಿಸುತ್ತೇವೆ. ರಾತ್ರಿ ಕತ್ತರಿಸಿಟ್ಟ ಹಣ್ಣು ಖಂಡಿತ ಬರುವುದಿಲ್ಲ. ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ ತರುತ್ತೇವೆ. ಡಬ್ಬಿಯ ಮೇಲೆ ಕತ್ತರಿಸಿದ ಸಮಯ ಬರೆದಿರುತ್ತದೆ.

ನಿಮ್ಮಿಂದ ಬೇಕಾದದ್ದು ಫ್ರಿಜ್ಜಿನಲ್ಲಿ ಒಂದು ಅಂಕಣ, 5 ಡಿಗ್ರಿಗಿಂತ ಕಡಿಮೆ ಇದ್ದರೆ ಸಾಕು. ಬಂದ ತಕ್ಷಣ ಒಳಗಿಡಿಸಿ. ಕೌಂಟರ್ ಮೇಲೆ ಸಾಲಾಗಿ ಜೋಡಿಸಿಟ್ಟರೆ ನೋಡಲು ಚೆಂದ, ಆದರೆ ಹಣ್ಣು ಬೇಗ ಹುಳಿಯುತ್ತದೆ. ಮಧ್ಯಾಹ್ನ 1ರ ನಂತರ ಉಳಿದದ್ದನ್ನು ದಯವಿಟ್ಟು ಮಾರಬೇಡಿ.

ಕನಿಷ್ಠ 25 ಡಬ್ಬಿ. ಮರುದಿನದ ಲೆಕ್ಕ ಸಂಜೆ 6ರೊಳಗೆ ತಿಳಿಸಿದರೆ ಸಾಕು. ಬಿಲ್ ಹದಿನೈದು ದಿನಕ್ಕೊಮ್ಮೆ. ಎಫ್‌ಎಸ್‌ಎಸ್‌ಎಐ ನೋಂದಣಿ ಪ್ರತಿ ಕಳಿಸುತ್ತೇವೆ.

ಗುರುವಾರ ಬೆಳಿಗ್ಗೆ ರುಚಿ ನೋಡಲು 5 ಡಬ್ಬಿ ಉಚಿತವಾಗಿ ತರಲೇ? ಗೇಟಿನಲ್ಲಿ ಯಾರ ಹೆಸರು ಹೇಳಬೇಕೆಂದು ಇಲ್ಲೇ ತಿಳಿಸಿ ಸರ್.