ಅಂಗಿ ಫೋನಿನ್ಯಾಗ ತರಸ್ರಿ, ಅಳತಿ ನಮಗ ಬಿಡ್ರಿ (90 ಸೆಕೆಂಡ್ ವಿಡಿಯೋ ಸ್ಕ್ರಿಪ್ಟ್)

ಬಾಗಲಕೋಟಿ ನವನಗರ, ಬೆಳಿಗ್ಗೆ. ಸಣ್ಣ ಟೇಲರ್ ಅಂಗಡಿ, ಕಾಲಿಲೆ ತುಳಿಯೂ ಮಷಿನ್. ಮ್ಯೂಸಿಕ್ ಬ್ಯಾಡ, ಮಷಿನ್ ಸಪ್ಪಳ ಸಾಕು.

ಅಜ್ಜನ ಧ್ವನಿ: ಆಲಮಟ್ಟಿ ಹಿನ್ನೀರು ಬರತೈತಿ ಅಂತ ಹಳೇ ಊರ ಬಿಟ್ಟಾಗ ಮೊದಲ ಗಾಡ್ಯಾಗ ಹೇರಿದ್ದು ಈ ಮಷಿನ್ ನೋಡ್ರಿ, ಪಾತ್ರಿ ಪಗಡಿ ಎಲ್ಲಾ ಆಮ್ಯಾಲ. ಊರ ಹ್ವಾದ್ರೂ ಗಿರಾಕಿ ಹೋಗ್ಲಿಲ್ಲ, ದೀಪಾವಳಿ ಬಂತಂದ್ರ ರಾತ್ರಿ ಎರಡರ ತನಕ ಹೊಲಿಗಿ, ಸಾಲಿ ಚಾಲೂ ಆಗೂ ಮುಂದ ಯೂನಿಫಾರ್ಮ್ ಗುಡ್ಡದಷ್ಟು, ಅದರಾಗ ಹೆಣ್ಮಕ್ಕಳು ಗುಳೇದಗುಡ್ಡದ ಖಣ ತಂದು "ನಾಡದ ಕುಬಸ ಬೇಕ್ರಿ ಕಾಕಾ" ಅಂತ ಕುಂತ ಬಿಡೂರು. ಆಮ್ಯಾಲ ರೆಡಿಮೇಡ್ ಬಂತು.

ಗ್ವಾಡಿ ಮ್ಯಾಲ ಬೋರ್ಡ್: "ರೆಡಿಮೇಡ್ ಬಟ್ಟಿ ಮುಟ್ಟಂಗಿಲ್ಲ".

ಅಜ್ಜನ ಧ್ವನಿ: ಸಿಟ್ಟಿನ್ಯಾಗ ಬರದಿದ್ದೆ. ರೆಡಿಮೇಡ್ ಏನ ಹೆದರ್ಲಿಲ್ಲ, ಗಿರಾಕಿ ಹೆದರಿದ್ರು.

ಒಬ್ಬ ಹುಡುಗ ಕವರ್ ಹಿಡ್ಕೊಂಡು ಬರ್ತಾನ, ಬೋರ್ಡ್ ಓದಿ ಬಾಗಲದಾಗ ನಿಲ್ತಾನ.

ಹುಡುಗ: ಅಜ್ಜಾರ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಇಂಟರ್ವ್ಯೂಗೆ ಹೊಂಟೀನ್ರಿ, ಈ ಶರ್ಟ್ ನೋಡ್ರಿ ಹೆಂಗ ಜೋಲಾಡಾಕತ್ತೈತಿ.

ಅಜ್ಜ: ಭುಜ ಎರಡ ಬೆರಳ ಕೆಳಗ ಇಳದೈತಿ. ಯಾರ ಅಳತೀಲೆ ಹೊಲ್ದಾರಪಾ ಇದನ್ನ?

ಹುಡುಗ: ಮೀಡಿಯಂ ರೀ.

ಅಜ್ಜ: ಐವತ್ತ ವರ್ಷಾತು ಅಳತಿ ತಗೊಳ್ಳಾಕತ್ತು, ಮೀಡಿಯಂ ಅನ್ನೂ ಮನಶ್ಯಾ ಇನ್ನೂ ನಮ್ಮ ಅಂಗಡಿಗೆ ಬಂದಿಲ್ಲ. ತಾ ಇಲ್ಲೆ.

ಕ್ಲೋಸಪ್, ಇಲ್ಲೆ ಕಟ್ ಮಾಡಬ್ಯಾಡ್ರಿ: ಬಾಯಾಗ ಗುಂಡುಸೂಜಿ, ಹುಡುಗನ ಭುಜದ ಮ್ಯಾಲ ಚಾಕಿನ ಗೆರಿ. ಶರ್ಟ್ ಉಲ್ಟಾ ಮಾಡಿ ತೋಳಿನ ಹೊಲಿಗಿ ಒಂದೊಂದ ಟಾಕಿ ಬಿಚ್ಚತಾನ, ಎರಡ ಬೆರಳ ಒಳಗ ತಗೊಂಡು ತೋಳು ಮತ್ತ ಕೂಡಸ್ತಾನ. ಮಷಿನ್ ಸಪ್ಪಳ.

ಹುಡುಗ ಕನ್ನಡಿ ಮುಂದ. ಮಾತಿಲ್ಲ, ಕಾಲರ್ ಸರಿ ಮಾಡ್ಕೋತಾನ ಅಷ್ಟ. ಹಿಂದ ಅಜ್ಜ ಬೋರ್ಡಿನ್ಯಾಗ "ಮುಟ್ಟಂಗಿಲ್ಲ" ಒರಸಿ ಚಾಕಿಲೆ "ಮುಟ್ಟತೀವಿ" ಅಂತ ಬರೀತಾನ.

ಅಜ್ಜನ ಧ್ವನಿ: ಜೀನ್ಸ್ ಉದ್ದ ಆತಾ? ಕಂಪನಿ ಅಂಚು ಹಂಗ ಉಳಿಸಿ ಕಡಿಮಿ ಮಾಡತೀವಿ. ಬ್ಲೌಸ್ ಬಿಗಿ ಆತಾ? ಒಳಗ ಬಟ್ಟಿ ಬಿಟ್ಟಿದ್ರ ಸಡ್ಲ ಆಕ್ಕೈತಿ, ಬಿಟ್ಟಿಲ್ಲಂದ್ರ ಬಿಚ್ಚೂ ಮೊದಲ ಹೇಳತೀವಿ, ರೊಕ್ಕ ತಗೊಂಡ ಆಮ್ಯಾಲ ಕೈ ಎತ್ತಂಗಿಲ್ಲ.

ಫೋನ್ ರಿಂಗ್.

ಅಜ್ಜ: ಹಲೋ... ಲಗ್ನದ ಬಟ್ಟೀನ? ಒಂಬತ್ತ ಮಂದೀದು? ಬರೇ ಬಟ್ಟಿ ಕಳಸಬ್ಯಾಡ್ರಿ, ಮಂದೀನೂ ಕರ್ಕೊಂಡ ಬರ್ರಿ! ಐತವಾರ ಹತ್ತಕ್ಕ ಬರಕೊಳ್ಳಲಾ?

(ಅಳತಿ ಪುಸ್ತಕದಾಗ ಬರ್ಕೊಂಡು, ಕ್ಯಾಮೆರಾ ಕಡೆ ನೋಡಿ)

ಪ್ಯಾಂಟ್ ಉದ್ದ 60 ರೂಪಾಯಿ, ಶರ್ಟ್ ಫಿಟ್ಟಿಂಗ್ 120. ಮಂಗಳವಾರ ರಜಾ. ಸ್ಕ್ರೀನ್ ಮ್ಯಾಲಿನ ನಂಬರಿಗೆ ಈಗ ಫೋನ್ ಹಚ್ಚಿ ಟೈಮ್ ಬುಕ್ ಮಾಡ್ರಿ, ಐತವಾರದ ಹನ್ನೊಂದು ಇನ್ನೂ ಖಾಲಿ ಐತಿ.